ಬೋನಸ್ ಬಂತು, ಈಗೇನು ಮಾಡ್ಲಿ ಅಂತ ಕೇಳುವವರಿಗೆ

“ಭಾವ, ಮೂರು ಲಕ್ಷ ಬೋನಸ್ ಬಂದಿದೆ. ಇಂಡೆಕ್ಸ್ ಫಂಡ್‌ಗೆ ಒಂದೇ ಸಲ ಹಾಕಿಬಿಡ್ಲಾ, ಇಲ್ಲಾ ತಿಂಗಳು ತಿಂಗಳು ಎಸ್‌ಐಪಿ ಮಾಡ್ಲಾ? ಯಾವುದು ಒಳ್ಳೇದು?”

ಒಂದೇ ಸಲ ಹಾಕು. ಮುಗೀತು.

ಆದರೆ ಮುಗಿಯಲ್ಲ. ಕೇಳಿದವರು ಯಾರೂ ಅಷ್ಟಕ್ಕೆ ಬಿಟ್ಟಿಲ್ಲ. “ಆದ್ರೆ ಎಸ್‌ಐಪಿ ಸೇಫ್ ಅಂತಾರಲ್ಲ?” ಅನ್ನುತ್ತಾರೆ. ನನಗೆ ಸಿಟ್ಟು ಬರುವುದು ಇಲ್ಲೇ. ಎಸ್‌ಐಪಿ ಅನ್ನುವುದು ಒಂದು ಸರಕಲ್ಲ. ಹಾಲಿನವನಿಗೆ ದಿನಾ ಅರ್ಧ ಲೀಟರ್ ಹಾಕು ಅಂತ ಹೇಳಿಟ್ಟ ಹಾಗೆ ಅದು. ಹಾಲು ಕೆಟ್ಟರೆ, ದಿನಾ ಅರ್ಧರ್ಧ ಲೀಟರ್ ತಗೊಂಡಿದ್ದೆ ಅಂದ ಮಾತ್ರಕ್ಕೆ ಉಳಿಯುತ್ತಾ?

ಸಂಬಳದಿಂದ ಮಾಡುವ ಎಸ್‌ಐಪಿ ಬೇರೆ ಮಾತು. ಅಲ್ಲಿ ಆಯ್ಕೆಯೇ ಇಲ್ಲ. ದುಡ್ಡು ತಿಂಗಳಿಗೊಮ್ಮೆ ಬರುತ್ತೆ, ತಿಂಗಳಿಗೊಮ್ಮೆ ಹೋಗುತ್ತೆ. ಬೋನಸ್ ಹಾಗಲ್ಲ, ಪೂರ್ತಿ ಕೈಯಲ್ಲಿದೆ. ಅದನ್ನು ಹನ್ನೆರಡು ಕಂತು ಮಾಡುವುದು ಅಂದರೆ, ವರ್ಷಪೂರ್ತಿ ಸರಾಸರಿ ಅರ್ಧ ದುಡ್ಡನ್ನು ಮಾರುಕಟ್ಟೆಯ ಹೊರಗೆ ನಿಲ್ಲಿಸುವುದು. ಬೀಳುವ ವರ್ಷಗಳಿಗಿಂತ ಏರುವ ವರ್ಷಗಳು ಜಾಸ್ತಿ. ಹಾಗಾಗಿ ಹೊರಗೆ ನಿಂತ ದುಡ್ಡಿಗೆ ನಷ್ಟವಾಗುವುದೇ ಹೆಚ್ಚು. ವ್ಯಾನ್‌ಗಾರ್ಡ್ ಅನ್ನುವ ಅಮೆರಿಕದ ಫಂಡ್ ಕಂಪನಿ 2012ರಲ್ಲಿ ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾದ ಹಳೇ ಅಂಕಿಗಳನ್ನು ಹಿಡಿದು ಲೆಕ್ಕ ಹಾಕಿತ್ತು. ಸುಮಾರು ಮೂರರಲ್ಲಿ ಎರಡು ಸಲ ಒಟ್ಟಿಗೆ ಹಾಕಿದ್ದೇ ಗೆದ್ದಿತ್ತು.

ಆ ಮೂರನೇ ಸಲದ ಕಥೆ ನನ್ನದು. ಅಥವಾ ನನ್ನದಾಗಬೇಕಿತ್ತು.

ಮೊದಲು ಏರಿದ ವರ್ಷ ನೋಡಿ. 2021ರ ಮಾರ್ಚ್ ಕೊನೆಗೆ ನಿಫ್ಟಿ 50 ಸೂಚ್ಯಂಕ ಸುಮಾರು 14,690ರಲ್ಲಿತ್ತು, ಮುಂದಿನ ಮಾರ್ಚ್ ಕೊನೆಗೆ 17,465. ಡಿವಿಡೆಂಡ್, ಫಂಡಿನ ಖರ್ಚು ಪಕ್ಕಕ್ಕಿಡೋಣ. ಮೂರು ಲಕ್ಷ ಒಟ್ಟಿಗೆ ಹಾಕಿದವನ ಕೈಯಲ್ಲಿ ಸುಮಾರು 3,56,000 ಇತ್ತು. ಪ್ರತಿ ತಿಂಗಳ ಕೊನೆಗೆ 25,000ದಂತೆ ಹಾಕಿದವನ ಕೈಯಲ್ಲಿ 3,20,000. ಕಾಯುತ್ತಿದ್ದ ದುಡ್ಡಿಗೆ ನಾಲ್ಕೈದು ಸಾವಿರ ಬಡ್ಡಿ ಸೇರಿಸಿಕೊಂಡರೂ ಮೂವತ್ತು ಸಾವಿರಕ್ಕೂ ಜಾಸ್ತಿ ಕಡಿಮೆ.

ಈಗ 2020. ಆ ಜನವರಿಯಲ್ಲಿ ನನಗೂ ಮೂರು ಲಕ್ಷ ಬಂತು. ಬುದ್ಧಿವಂತ ಅಂತ ನನ್ನ ಬಗ್ಗೆ ನನಗೇ ಬಹಳ ನಂಬಿಕೆ. ಅದನ್ನು ಹೆಚ್ಚು ಏರಿಳಿತವಿಲ್ಲದ ಒಂದು ಲಿಕ್ವಿಡ್ ಫಂಡ್‌ನಲ್ಲಿಟ್ಟು, ಅಲ್ಲಿಂದ ಅದೇ ಕಂಪನಿಯ ನಿಫ್ಟಿ ಇಂಡೆಕ್ಸ್ ಫಂಡ್‌ಗೆ ತಿಂಗಳ ಕೊನೆಗೆ 25,000 ಹೋಗುವ ಹಾಗೆ ಎಸ್‌ಟಿಪಿ ಹಾಕಿದೆ. ಜನವರಿ ಕಂತು 11,962ಕ್ಕೆ ಹೋಯಿತು, ಫೆಬ್ರವರಿಯದು 11,200ಕ್ಕೆ. ಬಿದ್ದಾಗ ಜಾಸ್ತಿ ಯೂನಿಟ್ ಸಿಗುತ್ತೆ ಅಂತ ಆಫೀಸಿನಲ್ಲಿ ಪಕ್ಕದವನಿಗೆ ಪಾಠವನ್ನೂ ಹೇಳಿದೆ.

ಮಾರ್ಚ್ 23ರಂದು ನಿಫ್ಟಿ ಒಂದೇ ದಿನ ಶೇಕಡಾ 13 ಬಿದ್ದು 7,610ಕ್ಕೆ ಬಂದು ನಿಂತಿತು. ಅವತ್ತು ರಾತ್ರಿ ಊಟದ ತಟ್ಟೆ ಪಕ್ಕದಲ್ಲಿ ಫೋನ್ ಇಟ್ಟುಕೊಂಡು ಕೂತಿದ್ದೆ. ಅನ್ನ ಆರಿತ್ತು. ಎಡಗೈಯಲ್ಲೇ ಆ್ಯಪ್ ತೆರೆದು ಎಸ್‌ಟಿಪಿ ರದ್ದು ಮಾಡಿದೆ. “ಸ್ವಲ್ಪ ತಿಳಿಯಾಗಲಿ, ಆಮೇಲೆ ನೋಡೋಣ” ಅಂತ ಹೆಂಡತಿಗೆ ಹೇಳಿದ್ದು ನೆನಪಿದೆ. ಅವಳು ಕೇಳಿರಲೇ ಇಲ್ಲ.

ತಿಳಿಯಾಗಿದ್ದು ನವೆಂಬರ್‌ನಲ್ಲಿ. ನಿಫ್ಟಿ 12,969. ಪತ್ರಿಕೆಗಳಲ್ಲಿ ಹೊಸ ದಾಖಲೆ ಅಂತ ಬರುತ್ತಿತ್ತು. ಆಗ ಧೈರ್ಯ ಬಂತು, ಉಳಿದ ಎರಡೂವರೆ ಲಕ್ಷ ಒಟ್ಟಿಗೆ ಹಾಕಿದೆ.

2021ರ ಜನವರಿ ಕೊನೆಗೆ, ನಿಫ್ಟಿ 13,635ರಲ್ಲಿದ್ದಾಗ, ಒಂದು ಭಾನುವಾರ ಕೂತು ಲೆಕ್ಕ ಹಾಕಿದೆ. ಕಂತು ನಿಲ್ಲಿಸದೆ ಹನ್ನೆರಡೂ ಹಾಕಿದ್ದರೆ 3,72,000 ಆಗುತ್ತಿತ್ತು. ಬಿದ್ದ ಮೇಲೆ 8,600ಕ್ಕೆ, 9,600ಕ್ಕೆ ಸಿಗುತ್ತಿದ್ದ ಯೂನಿಟ್‌ಗಳೇ ಅದರ ಗುಟ್ಟು. ಜನವರಿಯಲ್ಲೇ ಪೂರ್ತಿ ಹಾಕಿ ಮಲಗಿದ್ದರೆ 3,42,000. ನನ್ನ ಹತ್ತಿರ ಇದ್ದಿದ್ದು ಸುಮಾರು 3,22,000. ಎರಡು ದಾರಿಯಲ್ಲಿ ಯಾವುದು ಒಳ್ಳೇದು ಅಂತ ತಲೆ ಕೆಡಿಸಿಕೊಂಡವನು ಎರಡಕ್ಕೂ ಸೋತಿದ್ದೆ.

ಕಂತು ಮಾಡುವುದರ ತೊಂದರೆಯೇ ಇದು. ಕಂತಿನಿಂದ ಲಾಭವಾಗುವುದು ಮಾರುಕಟ್ಟೆ ಜೋರಾಗಿ ಬಿದ್ದಾಗ ಮಾತ್ರ. ಕಂತು ಮಾಡುವವರು ಸಾಮಾನ್ಯವಾಗಿ ಹೆದರಿಕೆಯಿಂದ ಮಾಡುತ್ತಾರೆ. ಹೆದರುವವನು ಕಂತು ನಿಲ್ಲಿಸುವುದೂ ಅದೇ ಹೊತ್ತಿಗೆ.

ಅದಕ್ಕೇ ನೀವು ಬೇರೆ ಪ್ರಶ್ನೆ ಕೇಳಿದ್ದರೆ ಚೆನ್ನಾಗಿತ್ತು. ಈ ಮೂರು ಲಕ್ಷ ನನಗೆ ಎಷ್ಟು ದೊಡ್ಡದು ಅಂತ. ಈಗಾಗಲೇ ಇಪ್ಪತ್ತು ಲಕ್ಷ ಇಂಡೆಕ್ಸ್ ಫಂಡ್‌ನಲ್ಲಿದೆ ಅಂತಿಟ್ಟುಕೊಳ್ಳಿ. ನಾಳೆ ಬಿದ್ದರೆ ಆ ಇಪ್ಪತ್ತೂ ಬೀಳುತ್ತೆ. ಅದನ್ನಿಟ್ಟುಕೊಂಡು ನೆಮ್ಮದಿಯಾಗಿ ನಿದ್ದೆ ಮಾಡುವವನು ಮೂರಕ್ಕೆ ಹನ್ನೆರಡು ತಿಂಗಳ ಯೋಜನೆ ಹಾಕುವುದು ತಮಾಷೆ ಅಲ್ವಾ?

ಅದೇ ಇದು ಜೀವನದ ಮೊದಲ ಮೂರು ಲಕ್ಷ ಆಗಿದ್ದರೆ ನಿಮ್ಮ ಹೆದರಿಕೆ ನಿಜ, ನಾನು ನಗುವುದಿಲ್ಲ. ಮೂರೋ ಆರೋ ಕಂತು ಮಾಡಿ. ಹನ್ನೆರಡು ಬೇಡ. ಎಸ್‌ಟಿಪಿ ಒಂದೇ ಫಂಡ್ ಕಂಪನಿಯ ಒಳಗೆ ಮಾತ್ರ ನಡೆಯುತ್ತೆ, ಹಾಗಾಗಿ ಮೊದಲು ಇಂಡೆಕ್ಸ್ ಫಂಡ್ ಆರಿಸಿ, ಆಮೇಲೆ ಅವರದ್ದೇ ಲಿಕ್ವಿಡ್ ಫಂಡ್ ನೋಡಿ. ಪ್ರತಿ ಕಂತೂ ಲಿಕ್ವಿಡ್ ಫಂಡ್ ಮಾರಿದ ಲೆಕ್ಕವೇ. ಅದರ ಚೂರುಪಾರು ಲಾಭಕ್ಕೆ ನಿಮ್ಮ ಸ್ಲ್ಯಾಬ್ ಪ್ರಕಾರ ತೆರಿಗೆ ಬರುತ್ತೆ. ಇಂಡೆಕ್ಸ್ ಫಂಡ್ ಕಡೆಯಲ್ಲೂ ಒಂದೊಂದು ಕಂತಿಗೆ, ತೆರಿಗೆ ಕಡಿಮೆಯಾಗಲು ಕಾಯಬೇಕಾದ ಒಂದು ವರ್ಷದ ಲೆಕ್ಕ ಬೇರೆ ಬೇರೆಯಾಗಿ ಶುರುವಾಗುತ್ತೆ. ಇವೆಲ್ಲ ಸಣ್ಣ ವಿಷಯ.

ದೊಡ್ಡ ವಿಷಯ ಇದು. ಕಂತು ಮುಗಿದ ದಿನ ಪೂರ್ತಿ ಮೂರು ಲಕ್ಷ ಮಾರುಕಟ್ಟೆಯಲ್ಲೇ ಇರುತ್ತೆ. ಮರುದಿನ ಬಿದ್ದರೆ ಒಟ್ಟಿಗೆ ಹಾಕಿದವನಷ್ಟೇ ನಿಮಗೂ ಪೆಟ್ಟು. 2020ರಲ್ಲಿ ಎರಡೂವರೆ ತಿಂಗಳೊಳಗೆ ಶೇಕಡಾ 38 ಕರಗಿತ್ತು. ಮೂರು ಲಕ್ಷ ಸ್ಕ್ರೀನ್ ಮೇಲೆ 1,86,000 ಅಂತ ಕಂಡರೆ ತಡೆಯಲ್ಲ ಅನ್ನುವವರಿಗೆ ಕಂತು ಔಷಧಿ ಅಲ್ಲ. ಅವರು ಒಂದು ಲಕ್ಷ ಮಾತ್ರ ಹಾಕಿ, ಉಳಿದಿದ್ದನ್ನು ಎಫ್‌ಡಿಯಲ್ಲಿಡಬೇಕು. ಇದನ್ನು ಹೇಳಿದರೆ ಮಾತ್ರ ಎಲ್ಲರಿಗೂ ಬೇಜಾರು.

ಬಾಮೈದ ಈ ಪ್ರಶ್ನೆ ಕೇಳಿದ್ದು ದಾವಣಗೆರೆಯಲ್ಲಿ, ಒಂದು ಮದುವೆಯ ಊಟದ ಪಂಕ್ತಿಯಲ್ಲಿ. ಸಾರು ಬಡಿಸುವವನು ಎರಡು ಸುತ್ತು ಬಂದು ಹೋದ, ನಾನು ಇನ್ನೂ ಇದನ್ನೆಲ್ಲ ವಿವರಿಸುತ್ತಿದ್ದೆ. ಅವನು ತಲೆಯಾಡಿಸುತ್ತಿದ್ದ. ಹದಿನಾಲ್ಕು ತಿಂಗಳಾದ ಮೇಲೆ ಅವನ ಅಕ್ಕನ, ಅಂದರೆ ನಮ್ಮದೇ ಮನೆಯ ಗೃಹಪ್ರವೇಶ. ಮತ್ತೆ ಪಕ್ಕದಲ್ಲಿ ಕೂತ.

“ಭಾವ, ಈ ಸಲದ ಬೋನಸ್ ಒಟ್ಟಿಗೆ ಹಾಕ್ಲಾ, ಎಸ್‌ಐಪಿ ಮಾಡ್ಲಾ?”

“ಹೋದ ಸಲದ್ದು ಏನ್ ಮಾಡಿದೆ?”

“ಅಕೌಂಟಲ್ಲೇ ಇದೆ ಭಾವ. ಮಾರ್ಕೆಟ್ ಸ್ವಲ್ಪ ಬೀಳ್ಲಿ ಅಂತ ಕಾಯ್ತಿದ್ದೆ.”

ಫೋನ್ ತೆಗೆದು ತೋರಿಸಿದ. ಉಳಿತಾಯ ಖಾತೆಯಲ್ಲಿ 1,90,000 ಇತ್ತು. ಉಳಿದಿದ್ದು ಎಲ್ಲಿ ಅಂತ ನಾನು ಕೇಳಲಿಲ್ಲ. ಗೇಟಿನ ಪಕ್ಕ ನಿಂತಿದ್ದ ಹೊಸ ಸ್ಕೂಟರ್‌ಗೆ ಅವನ ಮಗಳು ಆಗಷ್ಟೇ ಚೆಂಡು ಹೂವಿನ ಹಾರ ಹಾಕುತ್ತಿದ್ದಳು.