ಬನ್ನಿ ಬನ್ನಿ, ಬೋಟಿನ ಧಣಿಗಳೇ

ಕಳೆದ ಭಾನುವಾರ ಉಡುಪಿಯ ರಥಬೀದಿ ಹತ್ತಿರದ ಹೋಟೆಲಿನಲ್ಲಿ ನಡೆದದ್ದು. ಹೊರಗೆ ಜೋರು ಮಳೆ. ನಾನು, ಕಾಪುವಿನ ಗೆಳೆಯ, ಅವನ ಜೊತೆ ಬಂದ ಆಫೀಸಿನ ಹುಡುಗ, ಮೂವರೂ ಗೋಳಿಬಜೆಗೆ ಕಾಯುತ್ತಿದ್ದೆವು. ಹುಡುಗನಿಗೆ ತುಳು ಬಾರದ್ದರಿಂದ ಮಾತೆಲ್ಲ ಕನ್ನಡದಲ್ಲೇ. ಅಷ್ಟರಲ್ಲಿ ಮಲ್ಪೆಯ ಗೆಳೆಯ ಕೊಡೆ ಮಡಚುತ್ತಾ ಒಳಗೆ ಬಂದ.

"ಬನ್ನಿ ಬನ್ನಿ, ಬೋಟಿನ ಧಣಿಗಳೇ! ಇವತ್ತು ಎಷ್ಟು ಬುಟ್ಟಿ ಬೂತಾಯಿ?" ಅಂದ ಕಾಪುವಿನವ.

"ಐಸ್ ಹೊರುವವನಿಗೆ ಅದರ ಲೆಕ್ಕ ಯಾಕೆ ಮಾರಾಯ? ಆಚೆ ಸರಿ" ಅನ್ನುತ್ತಾ ಇವನು ಅವನ ಪಕ್ಕದಲ್ಲೇ ಕೂತ.

ಇಬ್ಬರಿಗೂ ನಗು. ಹುಡುಗನೂ ನಕ್ಕ. ಬಿಲ್ ಬಂದಾಗ ಹುಡುಗ ಅದೇ ಉತ್ಸಾಹದಲ್ಲಿ, "ಬೋಟಿನ ಧಣಿಗಳು ಇದ್ದಾರಲ್ಲ, ಅವರೇ ಕೊಡ್ತಾರೆ ಬಿಡಿ" ಅಂದ. ಮಲ್ಪೆಯವನು ನಕ್ಕ. "ಆಯ್ತು, ಕೊಡುವ. ನೀವು ಇನ್ನೊಂದು ಚಾ ಕುಡೀತೀರಾ?" ಅಂದ.

ಈ ವಾರವಿಡೀ ನನ್ನ ತಲೆಯಲ್ಲಿ ತಿರುಗುತ್ತಿರುವುದು ಆ ಮಾತು. ಅದುವರೆಗೆ ಹುಡುಗನನ್ನು "ನೀನು" ಅನ್ನುತ್ತಿದ್ದವನು ಒಮ್ಮೆಗೇ "ನೀವು"ಗೆ ಹೋದ. ದನಿ ಏರಲಿಲ್ಲ, ಮುಖ ಕೆಡಲಿಲ್ಲ, ಚಾ ಕೂಡ ಬಂತು. ಆದರೆ ತಿರುಗಿ ಒಂದು ಚುಚ್ಚು ಮಾತು ಬರಲಿಲ್ಲ. ಗೇಲಿ ಹಿಡಿಸಿತಾ, ನೋಯಿಸಿತಾ ಅಂತ ತಿಳಿಯಲು ನಗುವನ್ನು ನೋಡಿ ಪ್ರಯೋಜನ ಇಲ್ಲ. ನೊಂದವರೂ ನಗುತ್ತಾರೆ. ವಾಪಸ್ ಏಟು ಬಂತಾ ಅಂತ ನೋಡಬೇಕು. ಬದಲಿಗೆ ಮರ್ಯಾದೆ ಬಂದರೆ ಬಾಗಿಲು ಹಾಕಿದ ಹಾಗೆ.

ಆ "ಧಣಿ"ಯ ಹಿಂದೆ ಒಂದು ಬೋಟ್ ಇದೆ. ನಾವು ಕಾಲೇಜಿನಲ್ಲಿದ್ದಾಗ ಇವನ ತಂದೆಗೆ ಬೋಟಿನಲ್ಲಿ ಪಾಲು ಇತ್ತು. ಎಂಜಿನ್ ಕೆಟ್ಟಿತು, ರಿಪೇರಿಗೆ ಸಾಲ ಆಯಿತು. ಅಷ್ಟರಲ್ಲಿ ಮಳೆಗಾಲದ ನಿಷೇಧ ಶುರು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟ್ ಕಡಲಿಗೆ ಇಳಿಯುವ ಹಾಗಿಲ್ಲ. ಸಂಪಾದನೆ ನಿಂತರೂ ಸಾಲದ ಕಂತು ನಿಲ್ಲುವುದಿಲ್ಲ ಅಲ್ವಾ? ಕೊನೆಗೆ ಪಾಲು ಮಾರಿದರು. ಮುಂದಿನ ಸೀಸನಿನಲ್ಲಿ ಇವನು ಬೆಳಗಿನ ಜಾವ ಬೇರೆಯವರ ಬೋಟಿಗೆ ಐಸ್ ತುಂಬಿಸುವ ಕೆಲಸಕ್ಕೆ ಹೋದ. ಮೀನಿನ ವ್ಯಾಪಾರದ ಗಂಧಗಾಳಿ ಇಲ್ಲದ ಕಾಪುವಿನವನೂ ಜೊತೆಗೆ ಹೋದ. ಸುಮ್ನೆ, ಇವನೊಬ್ಬನೇ ಆಗಬಾರದು ಅಂತ. ಆಮೇಲೆ ಇಬ್ಬರೂ ಮೀನಿನ ವಾಸನೆ ಹೊತ್ತು ಕ್ಲಾಸಿಗೆ ಬರುತ್ತಿದ್ದರು. ಆಗ ಹುಟ್ಟಿದ ಹೆಸರುಗಳು ಇವು, ಧಣಿ ಮತ್ತು ಐಸ್ ಹೊರುವವ.

ಹಾಗಾಗಿ ಕಾಪುವಿನವ "ಧಣಿಗಳೇ" ಅಂದರೆ ಇವನಿಗೆ ಆ ಸಾಲ ಮಾತ್ರ ಅಲ್ಲ, ಜೊತೆಗೆ ಐಸ್ ಹೊತ್ತವನೂ ನೆನಪಾಗುತ್ತಾನೆ. ಹುಡುಗನ ಬಾಯಲ್ಲಿ ಅದೇ ಮಾತು ಬಂದಾಗ ಉಳಿದದ್ದು ಬೋಟು ಕಳಕೊಂಡ ಮನೆ, ಮೇಲೆ ಬಿಲ್ಲಿನ ದುಡ್ಡಿನ ಮಾತು. ಕಾಪುವಿನವ ಇಷ್ಟು ವರ್ಷದಲ್ಲಿ ಧಣಿ ಅಂದದ್ದಕ್ಕೆ ಲೆಕ್ಕ ಇಲ್ಲ, ಆದರೆ ಆ ಹೆಸರನ್ನು ದುಡ್ಡಿನ ಹತ್ತಿರ ತಂದದ್ದು ನಾನು ಕೇಳಿಲ್ಲ. ಎಲ್ಲಿ ಮುಟ್ಟಬಾರದು ಅಂತ ಅವನಿಗೆ ಗೊತ್ತು. ಅವನು ನಮ್ಮಲ್ಲಿ ಎಲ್ಲರಿಗಿಂತ ಜಾಸ್ತಿ ಗಲಾಟೆಯವನು, ಎಲ್ಲರಿಗಿಂತ ಸೂಕ್ಷ್ಮದವನೂ ಅವನೇ.

ಮಾನವಶಾಸ್ತ್ರಜ್ಞ ರ‍್ಯಾಡ್‌ಕ್ಲಿಫ್-ಬ್ರೌನ್ 1940ರಲ್ಲಿ ಇಂಥ ಗೇಲಿಯ ಸಂಬಂಧಗಳ ಬಗ್ಗೆ ಬರೆದಿದ್ದರು. ಕೆಲವು ನೆಂಟಸ್ತಿಕೆಗಳಲ್ಲಿ ಒಬ್ಬ ಇನ್ನೊಬ್ಬನನ್ನು ಹಂಗಿಸಬಹುದು, ಅವನು ಬೇಸರ ಮಾಡಿಕೊಳ್ಳುವ ಹಾಗಿಲ್ಲ, ಅದು ಪದ್ಧತಿಯೇ ಕೊಟ್ಟ ಅನುಮತಿ ಅಂತ. ನಮ್ಮಲ್ಲಿ ಭಾವ ಭಾವಂದಿರ ತಮಾಷೆ ನೋಡಿದರೆ ಅದು ಸರಿ ಅನಿಸುತ್ತದೆ. ಮದುವೆಯ ಊಟದ ಪಂಕ್ತಿಯಲ್ಲೇ ಹೊಸ ಭಾವನ ಕಾಲೆಳೆಯಬಹುದು, ಯಾರೂ ತಪ್ಪು ಅನ್ನುವುದಿಲ್ಲ. ಗೆಳೆಯರಿಗೆ ಅಂಥ ಅನುಮತಿಯನ್ನು ಯಾರೂ ಕೊಡುವುದಿಲ್ಲ. ಒಟ್ಟಿಗೆ ಕಷ್ಟಪಟ್ಟು, ಒಬ್ಬರದ್ದೊಬ್ಬರು ಕೇಳಿಸಿಕೊಂಡು ಅದನ್ನು ಸಂಪಾದಿಸಬೇಕು. ಸಂಪಾದಿಸಿದ ಮೇಲೂ ಅದು ಆ ಇಬ್ಬರ ನಡುವಿನದ್ದು. ನಾನು ಕೂಡ ಅವನನ್ನು ಧಣಿ ಅನ್ನುವುದಿಲ್ಲ. ಆ ವರ್ಷ ನಾನು ಐಸ್ ಹೊತ್ತವನಲ್ಲ. ನನ್ನ ಮತ್ತು ಅವನ ನಡುವೆ ಇರುವುದು ಬೇರೆಯೇ ಬೈಗುಳ.

ಹುಡುಗ ಕೆಟ್ಟವನಲ್ಲ. ಎದುರಿಗೆ ಅಷ್ಟು ಸಲಿಗೆ ಕಂಡರೆ ತಾನೂ ಸೇರಬೇಕು ಅಂತ ಯಾರಿಗಾದರೂ ಆಸೆ ಆಗುತ್ತದೆ. ಅವನಿಗೆ ಕೇಳಿದ್ದು ಮಾತು ಮಾತ್ರ.

ಅವನು ಬಸ್ಸಿಗೆ ಹೋದ ಮೇಲೆ ಕಾಪುವಿನವ ಕೇಳಿದ, "ಬೇಸರ ಆಯ್ತಾ?"

"ನಿನ್ನ ಮೇಲೆ ಎಂತ ಬೇಸರ? ಅವನನ್ನು ಇನ್ನೂ ನಾಲ್ಕು ಸಲ ಕರ್ಕೊಂಡು ಬಾ. ಅವನಿಗೂ ಒಂದು ಹೆಸರು ಇಡುವ" ಅಂದ ಮಲ್ಪೆಯವನು.