ಕೆಂಪು ದೀಪದ ಮೂರು ದಿನ

ವಿಜಯಪುರದ ನಮ್ಮ ಮನೆಗೆ ಫೈಬರ್ ಇಂಟರ್ನೆಟ್ ಬಂದು ಆರು ತಿಂಗಳಾಯಿತು. ಪ್ಲಾನ್ 100 ಎಂಬಿಪಿಎಸ್. ವೈಫೈ ಮೇಲೆ ತಪ್ಪು ಹೊರಿಸಬಾರದೆಂದು ಲ್ಯಾನ್ ಕೇಬಲ್ ಸಿಕ್ಕಿಸಿಯೇ ಅಳೆದೆ: ಬೆಳಿಗ್ಗೆ ಆರಕ್ಕೆ 94, ಓಣಿಯವರೆಲ್ಲ ಮನೆ ಸೇರುವ ರಾತ್ರಿ ಒಂಬತ್ತಕ್ಕೆ 20ರ ಆಸುಪಾಸು.

ಕಳೆದ ವಾರ ಚರಂಡಿ ಅಗೆಯುವಾಗ ಕೇಬಲ್ ತುಂಡಾಯಿತು. ಮೋಡೆಮ್‌ನಲ್ಲಿ LOS ದೀಪ ಕೆಂಪಗೆ ಮಿನುಗಿದರೆ ಫೈಬರ್‌ನಲ್ಲಿ ಬೆಳಕೇ ಬರುತ್ತಿಲ್ಲವೆಂದು ಅರ್ಥ; ರೀಸ್ಟಾರ್ಟ್ ಮಾಡಿ ಫಲವಿಲ್ಲ. ಸಹಾಯವಾಣಿಯವರು ಮೂರು ದಿನವೂ ಅದನ್ನೇ ಮಾಡಿಸಿದರು. ಕೊನೆಗೆ ಬಂದ ಹುಡುಗ ಕೂದಲೆಳೆಯಂಥ ಗಾಜಿನ ಎಳೆಗಳನ್ನು ಬಿಸಿಲಲ್ಲೇ ಕುಳಿತು ಅರ್ಧ ಗಂಟೆಯಲ್ಲಿ ಬೆಸೆದ. ಎಂಥ ನಾಜೂಕಿನ ಕೈ! ಅವನನ್ನು ಮೊದಲ ದಿನವೇ ಕಳುಹಿಸಬಹುದಿತ್ತಲ್ಲ?

ಬಿಲ್ಲಿನಲ್ಲಿ ಆ ಮೂರು ದಿನಗಳ ಹಣ ಕಳೆದಿಲ್ಲ. ದೂರಿನ ಸಂಖ್ಯೆ ಬರೆದಿಟ್ಟುಕೊಂಡಿದ್ದೇನೆ, ನಾಳೆ ಕೇಳುತ್ತೇನೆ.