25 ನಿಮಿಷದ ಸೋಬಾನೆ

ಕಳೆದ ಭಾನುವಾರ ದೊಡ್ಡಮ್ಮ ಹಾಡುತ್ತಿದ್ದ ಸೋಬಾನೆ ಪದಗಳನ್ನು ಚಿತ್ರೀಕರಿಸುತ್ತಿದ್ದಾಗ, ಸುಮಾರು 25ನೆಯ ನಿಮಿಷದಲ್ಲಿ ಕ್ಯಾಮೆರಾದ ಬ್ಯಾಟರಿ ಮುಗಿದುಹೋಯಿತು. ಚಾರ್ಜ್ ಮಾಡಿ ನೋಡಿದರೆ ಆ ಫೈಲ್ ತೆರೆಯಲೇ ಇಲ್ಲ. ಪೇಟೆಯ ಅಂಗಡಿಯವರು ಅದನ್ನು ಒಮ್ಮೆ ಒತ್ತಿ ನೋಡಿ, "ಇದು ಹೋಯ್ತು ಸರ್, ಕಾರ್ಡ್ ಫಾರ್ಮ್ಯಾಟ್ ಮಾಡ್ಕೊಡ್ಲಾ?" ಎಂದರು. ಆ ಮಾತು ಈ ವಾರವೆಲ್ಲ ನನ್ನ ಕಿವಿಯಲ್ಲಿದೆ. ಅವರು ಕೆಟ್ಟವರಲ್ಲ, ಆದರೆ ಫೈಲಿನ ಗಾತ್ರವನ್ನಾದರೂ ನೋಡಬೇಕಿತ್ತು. ಅದು 3 ಜಿಬಿಗೂ ಹೆಚ್ಚಿತ್ತು. ಗಾತ್ರ ಸೊನ್ನೆಯಾಗಿದ್ದರೆ ಕಥೆ ಬೇರೆ. ಇಷ್ಟು ದೊಡ್ಡ ಫೈಲಿನೊಳಗೆ ಹಾಡು ಇದ್ದೇ ಇರಬೇಕು ಎನಿಸಿತು.

ಕಾರ್ಡಿಗೆ ಮತ್ತೇನನ್ನೂ ಬರೆಯದೆ, ಫೈಲನ್ನು ಕಂಪ್ಯೂಟರಿಗೆ ನಕಲು ಮಾಡಿಕೊಂಡು, ವಿಡಿಯೊ ಫೈಲುಗಳನ್ನು ಓದುವ `ffmpeg` ಎಂಬ ತಂತ್ರಾಂಶಕ್ಕೆ ಕೊಟ್ಟೆ. `moov atom not found` ಎಂಬ ಉತ್ತರ ಬಂತು. ಎಂಪಿ4 ಫೈಲಿನಲ್ಲಿ ಚಿತ್ರ ಮತ್ತು ಧ್ವನಿ `mdat` ಎಂಬ ಭಾಗದಲ್ಲಿ ಸಾಲಾಗಿ ತುಂಬಿಕೊಳ್ಳುತ್ತಾ ಹೋಗುತ್ತವೆ. ಯಾವ ಫ್ರೇಮ್ ಎಲ್ಲಿದೆ, ಎಷ್ಟು ಉದ್ದವಿದೆ, ಎಷ್ಟು ಹೊತ್ತು ತೋರಿಸಬೇಕು ಎಂಬ ಪಟ್ಟಿ `moov` ಭಾಗದಲ್ಲಿರುತ್ತದೆ. ರೆಕಾರ್ಡಿಂಗ್ ಮುಗಿಯುವವರೆಗೆ ಲೆಕ್ಕ ಪೂರ್ಣವಾಗದ ಕಾರಣ ಕ್ಯಾಮೆರಾ ಸಾಮಾನ್ಯವಾಗಿ ಆ ಪಟ್ಟಿಯನ್ನು ಕೊನೆಯಲ್ಲಿ ಬರೆಯುತ್ತದೆ. ನಮ್ಮ ಕ್ಯಾಮೆರಾಕ್ಕೆ ಆ ಕೊನೆ ಸಿಗಲಿಲ್ಲ, ಅಷ್ಟೆ.

`untrunc` ಎಂಬ ಉಚಿತ ತಂತ್ರಾಂಶ ಈ ಪಟ್ಟಿಯನ್ನು ಹೊಸದಾಗಿ ಕಟ್ಟುತ್ತದೆ. ಅದಕ್ಕೆ ಅದೇ ಕ್ಯಾಮೆರಾದಲ್ಲಿ, ಅದೇ ಸೆಟ್ಟಿಂಗಿನಲ್ಲಿ ತೆಗೆದ ಸರಿಯಾದ ಇನ್ನೊಂದು ವಿಡಿಯೊವನ್ನು ಮಾದರಿಯಾಗಿ ಕೊಡಬೇಕು.

```
untrunc maadari.mp4 sobane.mp4
```

ಚಿತ್ರವನ್ನು ಬಿಡಿಸಿ ನೋಡಲು ಬೇಕಾದ ಮೂಲ ವಿವರಗಳನ್ನು ಅದು ಮಾದರಿಯಿಂದ ಎರವಲು ಪಡೆದು, ಕೆಟ್ಟ ಫೈಲಿನ `mdat` ಅನ್ನು ಮೊದಲಿನಿಂದ ಓದುತ್ತಾ ಒಂದೊಂದು ತುಣುಕೂ ಚಿತ್ರವೋ ಧ್ವನಿಯೋ ಎಂದು ಗುರುತಿಸುತ್ತದೆ. ಚಿತ್ರದ ತುಣುಕುಗಳ ತಲೆಯಲ್ಲೇ ಅವುಗಳ ಉದ್ದ ಬರೆದಿರುವುದರಿಂದ ಆ ಕೆಲಸ ಸುಲಭ. ಎಎಸಿ ಎಂಬ ರೂಪದಲ್ಲಿ ದಾಖಲಾಗುವ ಧ್ವನಿಗೆ ಅಂತಹ ಗುರುತಿಲ್ಲ. ಎಷ್ಟೋ ಸಲ ತಪ್ಪಾಗುವುದು ಅಲ್ಲಿಯೇ.

ನಾನು ಮೊದಲು ಕೊಟ್ಟ ಮಾದರಿ ಸೆಕೆಂಡಿಗೆ 50 ಫ್ರೇಮಿನದು, ಸೋಬಾನೆಯದು 25. ಪರಿಣಾಮವಾಗಿ ದೊಡ್ಡಮ್ಮನ ಧ್ವನಿ ಸರಿಯಾಗಿದ್ದರೂ ಕೈಗಳು ಎರಡು ಪಟ್ಟು ವೇಗದಲ್ಲಿ ಆಡುತ್ತಿದ್ದವು. ಅದನ್ನು ಕಂಡೊಡನೆ ತಪ್ಪು ತಿಳಿಯಿತು. 25 ಫ್ರೇಮಿಗೆ ಹೊಂದಿಸಿ, ಅಂಗಳದ ತುಳಸಿಕಟ್ಟೆಯನ್ನು ಒಂದು ನಿಮಿಷ ಚಿತ್ರೀಕರಿಸಿ, ಅದನ್ನೇ ಮಾದರಿಯಾಗಿ ಕೊಟ್ಟೆ. ಈ ಬಾರಿ ತುಟಿಯೂ ಧ್ವನಿಯೂ ಕೂಡಿಕೊಂಡವು. ಬ್ಯಾಟರಿ ಮುಗಿದ ಗಳಿಗೆಯಲ್ಲಿ ಕಾರ್ಡಿಗೆ ಇಳಿಯದೆ ಉಳಿದಿದ್ದ ಕೊನೆಯ ಕೆಲವು ಕ್ಷಣಗಳನ್ನು ಮಾತ್ರ ಯಾವ ತಂತ್ರಾಂಶವೂ ತರಲಾರದು.

"ಹೋಯ್ತು ಸರ್" ಎಂಬ ಒಂದು ಮಾತಿಗೆ ಎಷ್ಟು ಮನೆಗಳ ಮದುವೆ, ಎಷ್ಟು ಹಿರಿಯರ ದನಿ ಫಾರ್ಮ್ಯಾಟ್ ಆಗಿ ಹೋಗಿವೆಯೋ ಎಂದು ಯೋಚಿಸಿದಾಗ ನನಗೆ ಈಗಲೂ ಸಂಕಟವಾಗುತ್ತದೆ. ನಿನ್ನೆ ಸಂಜೆ ದೊಡ್ಡಮ್ಮನಿಗೆ ವಿಡಿಯೊ ತೋರಿಸಿದೆ. ಆರತಿಯ ಪದದ ನಡುವೆ ಪರದೆ ನಿಂತಾಗ, "ಇನ್ನೂ ಎರಡು ಸಾಲು ಐತಲ್ಲೋ ಮಗಾ" ಎಂದು, ನಿಂತಲ್ಲಿಂದಲೇ ಎತ್ತಿಕೊಂಡು ಹಾಡಿದರು.